ಕೆರೆಯೊಳಗೆ ಬೆಟ್ಟವನ್ನು ಇಳಿಸುವ ಬಗೆ

ನಿಂತ ನೀರಿನಲ್ಲಿ ಬೆಟ್ಟದ ಪ್ರತಿಬಿಂಬ ಮೂಡಿದಂತೆ ಫೋಟೊವನ್ನು ತಿದ್ದುವುದು ಮೇಲ್ನೋಟಕ್ಕೆ ಎರಡು ನಿಮಿಷದ ಕೆಲಸ. ದಡದಿಂದ ಮೇಲಿನ ಭಾಗವನ್ನು ನಕಲು ಮಾಡಿಕೊಂಡು, ತಲೆಕೆಳಗು ಮಾಡಿ, ದಡದ ಗೆರೆಗೆ ತಂದು ಕೂಡಿಸಿದರೆ ಮುಗಿಯಿತು. ಆದರೆ ಹೀಗೆ ಮಾಡಿದ ಚಿತ್ರವನ್ನು ನೋಡಿದವರಿಗೆ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತದೆ. ಏನು ತಪ್ಪಿದೆ ಎಂದು ಬೆರಳಿಟ್ಟು ತೋರಿಸಲು ಹೆಚ್ಚಿನವರಿಗೆ ಬಾರದು, ಕಣ್ಣು ಮಾತ್ರ ಒಪ್ಪುವುದಿಲ್ಲ. ನೀರಿನಲ್ಲಿ ಕಾಣುವುದು ಫೋಟೊದ ಪ್ರತಿಬಿಂಬವಲ್ಲ, ಎದುರಿಗಿರುವ ಮರ, ಬೆಟ್ಟ, ಆಕಾಶಗಳ ಪ್ರತಿಬಿಂಬ. ಇವೆರಡೂ ಒಂದೇ ಎಂದುಕೊಂಡಲ್ಲಿಯೇ ಎಡವಟ್ಟು ಶುರುವಾಗುತ್ತದೆ.

ಅಲೆಯಿಲ್ಲದ ನೀರು ಸಮತಟ್ಟಾಗಿ ಮಲಗಿಸಿದ ಕನ್ನಡಿ. ಅದರ ಮೇಲೆ ಎಷ್ಟು ಎತ್ತರದಲ್ಲಿ ಒಂದು ವಸ್ತು ಇದೆಯೋ, ಅಷ್ಟೇ ಆಳದಲ್ಲಿ, ನೇರ ಕೆಳಗೆ, ಅದರ ಬಿಂಬ ಇರುವಂತೆ ಕಾಣುತ್ತದೆ. ಇದನ್ನೇ ತಿರುಗಿಸಿ ಹೇಳಬಹುದು: ನೋಡುವವರ ಕಣ್ಣು ನೀರಿನಿಂದ ಆರು ಮೀಟರ್ ಮೇಲಿದ್ದರೆ, ನೀರಿನಲ್ಲಿ ಅವರಿಗೆ ಕಾಣುವುದು ನೀರಿನ ಮಟ್ಟದಿಂದ ಆರು ಮೀಟರ್ ಕೆಳಗಿರುವ ಇನ್ನೊಂದು ಕಣ್ಣಿಗೆ ಕಾಣಬಹುದಾದ ದೃಶ್ಯ, ತಲೆಕೆಳಗಾಗಿ. ಪ್ರತಿಬಿಂಬದ ಎಲ್ಲ ಗುಟ್ಟೂ ಈ ಒಂದು ಮಾತಿನಲ್ಲಿದೆ. ಮೇಲಿನ ಕಣ್ಣಿಗೂ ಕೆಳಗಿನ ಕಣ್ಣಿಗೂ ಒಂದೇ ದೃಶ್ಯ ಕಾಣಲು ಸಾಧ್ಯವಿಲ್ಲ. ತಗ್ಗಿನಲ್ಲಿ ನಿಂತು ನೋಡಿದರೆ ಹತ್ತಿರದ ಮರಗಳು ಹಿಂದಿನ ಬೆಟ್ಟವನ್ನು ಹೆಚ್ಚು ಮರೆಮಾಡುತ್ತವೆ, ಎತ್ತರಕ್ಕೆ ಹತ್ತಿದಷ್ಟೂ ಬೆಟ್ಟ ಮರಗಳ ಮೇಲೆ ಎದ್ದು ಬರುತ್ತದೆ. ಹಾಗಾಗಿ ನೀರಿನಲ್ಲಿ ಮರಗಳ ಸಾಲಿನಾಚೆ ಕಾಣುವ ಬೆಟ್ಟ ಯಾವಾಗಲೂ ಮೇಲೆ ಕಂಡದ್ದಕ್ಕಿಂತ ಗಿಡ್ಡ. ಡಚ್ ಖಗೋಳವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ ಬಯಲಿನಲ್ಲಿ ಕಾಣುವ ಬೆಳಕು, ಬಣ್ಣಗಳ ಬಗ್ಗೆ 1937ರಲ್ಲಿ ತಂದ ಪುಸ್ತಕದಲ್ಲಿ ವಸ್ತುವಿಗೂ ಅದರ ಬಿಂಬಕ್ಕೂ ಇರುವ ಇಂಥ ವ್ಯತ್ಯಾಸಗಳನ್ನು ಚರ್ಚಿಸಿದ್ದಾರೆ. ಫೋಟೊ ತಿದ್ದುವವರು ಇಂದಿಗೂ ಹೆಚ್ಚಾಗಿ ಮರೆಯುವುದು ಇದನ್ನೇ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಲೆಕ್ಕ ಹಾಕಿದಾಗಲೇ ಮನಸ್ಸಿಗೆ ಹತ್ತುತ್ತದೆ. ಚಿಕ್ಕಮಗಳೂರಿನ ಹತ್ತಿರದ ಹಿರೇಕೊಳಲೆ ಕೆರೆಯಂಥ ಒಂದು ಜಾಗವನ್ನು ತೆಗೆದುಕೊಳ್ಳಬಹುದು: ಮುಂದೆ ನೀರು, ಆಚೆ ದಡದಲ್ಲಿ ಮರಗಳು, ಅವುಗಳ ಹಿಂದೆ ಬೆಟ್ಟಸಾಲು. ಗಾಳಿ ಬೀಸುತ್ತಿದ್ದುದರಿಂದ ಫೋಟೊದಲ್ಲಿ ನೀರು ಬರೀ ಬೂದು ಬಣ್ಣಕ್ಕೆ ಬಂದಿದೆ, ಅಲ್ಲಿ ಪ್ರತಿಬಿಂಬ ಬೇಕು. ಲೆಕ್ಕದ ಅನುಕೂಲಕ್ಕೆ ಅಳತೆಗಳನ್ನು ಹೀಗೆ ಇಟ್ಟುಕೊಳ್ಳೋಣ. ಫೋಟೊ ತೆಗೆದವರು ಕೆರೆ ಏರಿಯ ಮೇಲಿದ್ದಾರೆ, ಕ್ಯಾಮೆರಾ ನೀರಿನಿಂದ 6 ಮೀಟರ್ ಮೇಲಿದೆ. ಆಚೆ ದಡ 200 ಮೀಟರ್ ದೂರ, ಅಲ್ಲಿನ ಮರಗಳು 12 ಮೀಟರ್ ಎತ್ತರ. ಬೆಟ್ಟದ ನೆತ್ತಿ 2 ಕಿಲೋಮೀಟರ್ ದೂರದಲ್ಲಿದ್ದು, ನೀರಿನ ಮಟ್ಟದಿಂದ 300 ಮೀಟರ್ ಎತ್ತರವಿದೆ. ಚಿತ್ರ ಅಡ್ಡಕ್ಕೆ 6000, ಉದ್ದಕ್ಕೆ 4000 ಪಿಕ್ಸೆಲ್‌ನದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಮೇಲೆ ಕೆಳಗೆ ವಾಲಿಸದೆ ಮಟ್ಟವಾಗಿ ಹಿಡಿದು ತೆಗೆದದ್ದು. ಆಗ ಕ್ಷಿತಿಜ, ಅಂದರೆ ಕ್ಯಾಮೆರಾದ ಕಣ್ಮಟ್ಟ, ಚಿತ್ರದ ನಟ್ಟನಡುವೆ, ಮೇಲಿನಿಂದ 2000ನೇ ಪಿಕ್ಸೆಲ್‌ನಲ್ಲಿ ಬರುತ್ತದೆ. ಯಾವುದೇ ವಸ್ತು ಕಣ್ಮಟ್ಟಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆಯೋ ಅದನ್ನು ದೂರದಿಂದ ಭಾಗಿಸಿ, 4000ದಿಂದ ಗುಣಿಸಿದರೆ ಚಿತ್ರದಲ್ಲಿ ಅದರ ಜಾಗ ಪಿಕ್ಸೆಲ್‌ನಲ್ಲಿ ಸಿಗುತ್ತದೆ.

ಈ ಲೆಕ್ಕದಲ್ಲಿ ಆಚೆ ದಡ ಕ್ಷಿತಿಜಕ್ಕಿಂತ 120 ಪಿಕ್ಸೆಲ್ ಕೆಳಗೆ ಬೀಳುತ್ತದೆ. ಮರಗಳ ತುದಿ 120 ಪಿಕ್ಸೆಲ್ ಮೇಲಿರುತ್ತದೆ, ಬೆಟ್ಟದ ನೆತ್ತಿ 588 ಪಿಕ್ಸೆಲ್ ಮೇಲೆ. ಅಂದರೆ ಮರಗಳ ಮೇಲೆ ಬೆಟ್ಟ 468 ಪಿಕ್ಸೆಲ್ ಎದ್ದು ನಿಂತಿದೆ. ಈಗ ನೀರಿನಡಿಯ ಕಣ್ಣಿನಿಂದ ಅದೇ ಲೆಕ್ಕ. ಆ ಕಣ್ಣಿಗೆ ಮರದ ತುದಿ 12 ಅಲ್ಲ, 18 ಮೀಟರ್ ಮೇಲಿದೆ. ಬೆಟ್ಟದ ನೆತ್ತಿ 306 ಮೀಟರ್ ಮೇಲಿದೆ. ಹಾಗಾಗಿ ಚಿತ್ರದಲ್ಲಿ ಮರದ ತುದಿಯ ಬಿಂಬ ಕ್ಷಿತಿಜಕ್ಕಿಂತ 360 ಪಿಕ್ಸೆಲ್ ಕೆಳಗೆ, ಬೆಟ್ಟದ ನೆತ್ತಿಯ ಬಿಂಬ 612 ಪಿಕ್ಸೆಲ್ ಕೆಳಗೆ ಬರಬೇಕು. ನೀರಿನಲ್ಲಿ ಮರಗಳಾಚೆ ಕಾಣುವ ಬೆಟ್ಟ 252 ಪಿಕ್ಸೆಲ್ ಮಾತ್ರ, ಮೇಲೆ ಕಂಡದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ದಡದ ಗೆರೆಯಲ್ಲಿ ಮಡಿಸಿ ಅಂಟಿಸಿದವರ ಚಿತ್ರದಲ್ಲಿ ಅಲ್ಲಿಯೂ 468 ಪಿಕ್ಸೆಲ್ ಬೆಟ್ಟವೇ ಇರುತ್ತದೆ, ಅದರ ನೆತ್ತಿ ಇರಬೇಕಾದ್ದಕ್ಕಿಂತ 216 ಪಿಕ್ಸೆಲ್ ಕೆಳಗೆ ಜಾರಿರುತ್ತದೆ. ನೋಡುವವರ ಕಣ್ಣಿಗೆ ಕಿರಿಕಿರಿಯಾಗುವುದು ಈ ಹೆಚ್ಚುವರಿ ಬೆಟ್ಟದಿಂದ.

ಕ್ಯಾಮೆರಾ ನೀರಿಗೆ ಹತ್ತಿರವಾದಷ್ಟೂ ಈ ತಪ್ಪು ಕಿರಿದಾಗುತ್ತದೆ. ಏರಿಯಿಂದ ಇಳಿದು ನೀರಂಚಿನಲ್ಲಿ ಒಂದೂವರೆ ಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ 216ರ ಜಾಗದಲ್ಲಿ 54 ಪಿಕ್ಸೆಲ್ ವ್ಯತ್ಯಾಸ ಬರುತ್ತದೆ, ಹೆಚ್ಚಿನವರ ಕಣ್ಣಿಗೆ ಅದು ಬೀಳುವುದಿಲ್ಲ. ಕ್ಯಾಮೆರಾವನ್ನು ನೀರಿಗೆ ತಾಗುವಷ್ಟು ತಗ್ಗಿಸಿದರಂತೂ ಎರಡು ಕಣ್ಣುಗಳೂ ಒಂದೇ ಆಗಿಬಿಡುತ್ತವೆ, ಬರಿಯ ಮಡಿಕೆಯೇ ಸಾಕು. ಗುಡ್ಡದ ಮೇಲಿನಿಂದ ಕೆರೆಯನ್ನು ಕೆಳಗೆ ನೋಡಿ ತೆಗೆದ ಚಿತ್ರಗಳಲ್ಲಿ ಮಾತ್ರ ಮಡಿಕೆ ಪೂರ್ತಿ ಸೋಲುತ್ತದೆ. ಅಂಥ ಚಿತ್ರಕ್ಕೆ ಪ್ರತಿಬಿಂಬ ಸೇರಿಸುವ ಯೋಚನೆಯನ್ನು ಕೈಬಿಡುವುದೇ ಒಳ್ಳೆಯದು.

ಇದರಿಂದ ಕೈಕೆಲಸಕ್ಕೆ ಒಂದು ಸರಳ ನಿಯಮ ಸಿಗುತ್ತದೆ. ದಡದ ಮೇಲಿರುವ ಮರಗಳನ್ನು ದಡದ ಗೆರೆಯಲ್ಲಿ ಮಡಿಸಬೇಕು. ಬಹು ದೂರದ ಬೆಟ್ಟವನ್ನೂ ಆಕಾಶವನ್ನೂ ಕ್ಷಿತಿಜದಲ್ಲಿ ಮಡಿಸಬೇಕು. ಒಂದೇ ಪದರದಲ್ಲಿ ಇದು ಆಗದು, ಎರಡು ಪದರ ಬೇಕು.

ಉಚಿತವಾಗಿ ಸಿಗುವ GIMP ತಂತ್ರಾಂಶದಲ್ಲಿ ಈ ಕೆಲಸವನ್ನು ಹೀಗೆ ಮಾಡಬಹುದು. ಮೊದಲು ಇಡೀ ಚಿತ್ರದ ಪದರವನ್ನು Duplicate Layer ಮೂಲಕ ನಕಲು ಮಾಡಿಕೊಳ್ಳಬೇಕು. ನಕಲನ್ನು Layer ಪಟ್ಟಿಯ Transform ಒಳಗಿರುವ Flip Vertically ಇಂದ ತಲೆಕೆಳಗು ಮಾಡಬೇಕು. ಕ್ಷಿತಿಜ ಚಿತ್ರದ ನಡುವೆಯೇ ಇರುವುದರಿಂದ ಪದರ ತನ್ನ ನಡುಗೆರೆಯ ಸುತ್ತ ತಿರುಗುತ್ತದೆ, ಆಕಾಶವೂ ಬೆಟ್ಟವೂ ತಾವಾಗಿಯೇ ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ. ನಮ್ಮ ಉದಾಹರಣೆಯಲ್ಲಿ ಬೆಟ್ಟಕ್ಕಾಗಿ ಇನ್ನು 24 ಪಿಕ್ಸೆಲ್ ಕೆಳಗೆ ಸರಿಸಿದರೆ ಲೆಕ್ಕ ಪಕ್ಕಾ ಆಗುತ್ತದೆ. ಆಮೇಲೆ ಮೂಲ ಚಿತ್ರದಿಂದ ಮರಗಳ ಸಾಲನ್ನಷ್ಟೇ ಆಯ್ದು ಬೇರೆ ಪದರಕ್ಕೆ ತಂದು, ತಲೆಕೆಳಗು ಮಾಡಿ, ಬುಡಕ್ಕೆ ಬುಡ ಕೂಡುವಂತೆ ದಡದ ಗೆರೆಗೆ ಹೊಂದಿಸಬೇಕು. ಈ ಪದರ ಬೆಟ್ಟದ ಪದರದ ಮೇಲಿರಬೇಕು. ಆಗ ಬೆಟ್ಟದ ಕೆಳಭಾಗ ಮರಗಳ ಹಿಂದೆ ತಾನಾಗಿ ಅಡಗಿಕೊಳ್ಳುತ್ತದೆ. ಫೋಟೊದಲ್ಲಿ ಇಲ್ಲದ್ದನ್ನು ಏನನ್ನೂ ಹೊಸದಾಗಿ ಬಿಡಿಸಬೇಕಾಗಿಲ್ಲ ಎಂಬುದು ಈ ವಿಧಾನದ ದೊಡ್ಡ ಅನುಕೂಲ. ಎಲೆಎಲೆಯನ್ನೂ ಬಿಡಿಸಿ ಮರಗಳನ್ನು ಆಯಬೇಕಾದ ಅಗತ್ಯವೂ ಇಲ್ಲ. ಮುಂದೆ ಅಲೆಯ ಕೆಲಸ ಮಾಡುವಾಗ ಆ ಅಂಚು ಹೇಗೂ ಕರಗುತ್ತದೆ. ಕೊನೆಗೆ ಎರಡೂ ಪದರಗಳಿಗೆ ಮಾಸ್ಕ್ ಹಾಕಿ, ನೀರಿರುವ ಜಾಗದಲ್ಲಷ್ಟೇ ಅವು ಕಾಣುವಂತೆ ಮಾಡಬೇಕು.

ಫೋಟೊದ ಅಂಚು ಕತ್ತರಿಸಿದ್ದರೆ ಅಥವಾ ಕ್ಯಾಮೆರಾ ಸ್ವಲ್ಪ ವಾಲಿದ್ದರೆ ಕ್ಷಿತಿಜ ನಡುವೆ ಇರುವುದಿಲ್ಲ, ಹುಡುಕಿಕೊಳ್ಳಬೇಕು. ಅದೇ ಏರಿಯ ಮೇಲೆ ದೂರದಲ್ಲಿ ಜನ ನಿಂತಿದ್ದರೆ, ಫೋಟೊ ತೆಗೆದವರಷ್ಟೇ ಎತ್ತರದವರ ಕಣ್ಣುಗಳೆಲ್ಲ ಕ್ಷಿತಿಜದ ಗೆರೆಯಲ್ಲಿಯೇ ಇರುತ್ತವೆ. ಅದೊಂದು ನಂಬಬಹುದಾದ ಗುರುತು.

ದಡದ ಗೆರೆ ಓರೆಯಾಗಿರುವುದು ಇನ್ನೊಂದು ತೊಡಕು. ಒಂದು ತುದಿಯಲ್ಲಿ ದಡ ನಮಗೆ ಹತ್ತಿರವಿದ್ದು, ಇನ್ನೊಂದು ತುದಿಯಲ್ಲಿ ದೂರ ಸರಿದರೆ ಚಿತ್ರದಲ್ಲಿ ಅದು ವಾಲಿದಂತೆ ಕಾಣುತ್ತದೆ. ನೀರು ಮಾತ್ರ ಮಟ್ಟವಾಗಿಯೇ ಇದೆ. ಇದನ್ನು ಕಂಡು ಹಲವರು ಇಡೀ ಫೋಟೊವನ್ನೇ ತಿರುಗಿಸಿ ದಡವನ್ನು ನೇರ ಮಾಡುತ್ತಾರೆ. ಅಲ್ಲಿಗೆ ಮರಗಳೆಲ್ಲ ಒಂದು ಕಡೆಗೆ ಬಾಗುತ್ತವೆ. ಇನ್ನು ಕೆಲವರು ತಲೆಕೆಳಗಾದ ಪದರವನ್ನು ತಿರುಗಿಸುತ್ತಾರೆ, ಆಗ ಬಿಂಬ ಮರದ ನೇರ ಕೆಳಗೆ ಬರದೆ ಪಕ್ಕಕ್ಕೆ ಹೋಗುತ್ತದೆ. ಇಲ್ಲಿ ಬೇಕಾದ ಉಪಕರಣ Shear. ಅದು ಪದರದ ಲಂಬ ಗೆರೆಗಳನ್ನು ಲಂಬವಾಗಿಯೇ ಉಳಿಸಿ, ಒಂದು ಪಕ್ಕವನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಜಾರಿಸುತ್ತದೆ. ದಡ ಚಿತ್ರದ ಎಡದಿಂದ ಬಲಕ್ಕೆ 40 ಪಿಕ್ಸೆಲ್ ಇಳಿದಿದ್ದರೆ, ತಲೆಕೆಳಗಾದ ಮರಗಳ ಪದರದ ಬಲಪಕ್ಕ ಎಡಪಕ್ಕಕ್ಕಿಂತ 80 ಪಿಕ್ಸೆಲ್ ಕೆಳಗೆ ಬರುವಂತೆ ಜಾರಿಸಬೇಕು, ಅಂದರೆ ಇಳಿತದ ಎರಡರಷ್ಟು. ತಲೆಕೆಳಗು ಮಾಡಿದಾಗ ಇಳಿಜಾರೂ ತಿರುಗಿಬಿಟ್ಟಿರುವುದರಿಂದ ಮೊದಲ 40 ಅದನ್ನು ಮಟ್ಟ ಮಾಡಲು ಖರ್ಚಾಗುತ್ತದೆ, ಉಳಿದ 40 ದಡಕ್ಕೆ ಹೊಂದಿಸಲು. ಪ್ರತಿ ಮರದ ತುದಿ, ಬುಡ, ಬಿಂಬದ ತುದಿ ಮೂರೂ ಒಂದೇ ಲಂಬ ಗೆರೆಯಲ್ಲಿ ಇವೆಯೇ ಎಂದು ನೋಡುವುದೇ ಇದರ ಪರೀಕ್ಷೆ.

ದಡದ ಗೆರೆ ಎಂದರೆ ನೀರಿನ ಅಂಚು, ಮರದ ಬುಡವಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯ ಸುತ್ತ ಕೆಮ್ಮಣ್ಣಿನ ಬಯಲು ಪಟ್ಟಿ ತೆರೆದುಕೊಳ್ಳುತ್ತದೆ. ಏರಿಯ ಮೇಲಿನಿಂದ ಆ ಪಟ್ಟಿ ಚೆನ್ನಾಗಿ ಕಾಣುತ್ತದೆ. ನೀರಿನಡಿಯ ಕಣ್ಣಿಗೆ ಮಾತ್ರ ಮೇಲ್ಮುಖವಾಗಿ ಮಲಗಿದ ನೆಲ ಕಾಣುವುದೇ ಇಲ್ಲ. ಆದ್ದರಿಂದ ನಿಜವಾದ ಪ್ರತಿಬಿಂಬದಲ್ಲಿ ಈ ಕೆಂಪು ಪಟ್ಟಿ ಬಹುತೇಕ ಮಾಯವಾಗಿ, ನೀರಂಚಿನಿಂದಲೇ ಮರಗಳ ಹಸಿರು ಶುರುವಾದಂತೆ ಇರುತ್ತದೆ. ಮಡಿಸಿದ ಚಿತ್ರದಲ್ಲಿ ಕೆಂಪು ಪಟ್ಟಿ ಎರಡೆರಡು ಸಲ ಬಂದು ಚಿತ್ರದ ನಡುವೆ ದಪ್ಪ ಪಟ್ಟೆ ಬಳಿದಂತಾಗುತ್ತದೆ. ಮರಗಳ ಪದರವನ್ನು ಆಯುವಾಗಲೇ ಈ ನೆಲವನ್ನು ಬಿಟ್ಟುಬಿಡಬೇಕು.

ಜಾಗ ಸರಿಯಾದ ಮೇಲೆ ಬೆಳಕಿನ ಸರದಿ. ನೀರು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವುದಿಲ್ಲ, ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದು ನೋಟದ ಓರೆಯನ್ನು ಅವಲಂಬಿಸಿದೆ. ಫ್ರಾನ್ಸಿನ ಭೌತವಿಜ್ಞಾನಿ ಅಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ಇದರ ಸೂತ್ರವನ್ನು ಕಂಡುಕೊಂಡರು. ಅದರಂತೆ ನೀರನ್ನು ನೆಟ್ಟಗೆ ಮೇಲಿನಿಂದ ನೋಡಿದರೆ ನೂರಕ್ಕೆ ಎರಡು ಭಾಗ ಬೆಳಕು ಮಾತ್ರ ಪ್ರತಿಫಲಿಸುತ್ತದೆ. ನೋಟ ನೀರಿನ ಮೇಲ್ಮೈಗೆ 10 ಡಿಗ್ರಿಯಷ್ಟು ಓರೆಯಾದಾಗ ಅದು ನೂರಕ್ಕೆ 35 ಆಗುತ್ತದೆ, 5 ಡಿಗ್ರಿಯಲ್ಲಿ 58. ನಮ್ಮ ಕೆರೆಯಲ್ಲಿ ಆಚೆ ದಡದ ಬಳಿಯ ನೀರನ್ನು ನೋಡುವ ಕೋನ ಎರಡು ಡಿಗ್ರಿಗಿಂತ ಕಡಿಮೆ, ಅಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಬೆಳಕು ಮರಳುತ್ತದೆ. ಬೆಟ್ಟದ ನೆತ್ತಿಯ ಬಿಂಬ ಬೀಳುವಲ್ಲಿ ಅದು ಸುಮಾರು 40ಕ್ಕೆ ಇಳಿಯುತ್ತದೆ, ಚಿತ್ರದ ಕೆಳಅಂಚಿನಲ್ಲಿ 8ರ ಆಸುಪಾಸಿಗೆ. ಆದ್ದರಿಂದ ಪ್ರತಿಬಿಂಬ ದಡದಿಂದ ನಮ್ಮ ಕಡೆಗೆ ಬರುತ್ತ ಬರುತ್ತ ಮಬ್ಬಾಗಬೇಕು, ಹಾಗೆ ಮಬ್ಬಾಗುತ್ತ ನೀರಿನ ಸ್ವಂತ ಬಣ್ಣ ಮೇಲೇಳಬೇಕು. ಪದರದ ಮಾಸ್ಕ್‌ನಲ್ಲಿ ಮೇಲಿನಿಂದ ಕೆಳಕ್ಕೆ ಬಿಳಿಯಿಂದ ಕಪ್ಪಿಗೆ ಇಳಿಯುವ Gradient ಎಳೆದರೆ ಈ ಕೆಲಸವಾಗುತ್ತದೆ. ಒಂದೇ ಸಮನೆ ಇಡೀ ಪದರದ Opacity ಇಳಿಸುವುದು ಇದಕ್ಕೆ ಬದಲಿಯಾಗಲಾರದು; ಆಗ ದಡದ ಬಳಿ ಬಿಂಬ ಬೇಕಾದ್ದಕ್ಕಿಂತ ಮಂಕಾಗಿ, ಮುಂಭಾಗದಲ್ಲಿ ಬೇಕಾದ್ದಕ್ಕಿಂತ ಗಾಢವಾಗಿ ಉಳಿಯುತ್ತದೆ.

ಮಾಸ್ಕ್‌ನ ಕೆಳಗೆ ಏನಿದೆ ಎಂಬುದೂ ಅಷ್ಟೇ ಮುಖ್ಯ. ಮೂಲ ಫೋಟೊದ ಬೂದು ನೀರು ಆಕಾಶದ ಬೆಳಕನ್ನು ಆಗಲೇ ಹೊತ್ತಿರುವುದರಿಂದ ಅದರ ಮೇಲೆಯೇ ಬಿಂಬವನ್ನು ತೆಳುವಾಗಿ ಹರಡಿದರೆ ಹೊಗೆ ಕವಿದಂತಾಗುತ್ತದೆ. ನಡುವೆ ನೀರಿನ ಒಳಬಣ್ಣದ ಒಂದು ಪದರ ಇರಬೇಕು: ತಿಳಿನೀರಿಗೆ ಕಡುಹಸಿರು ಅಥವಾ ಕಪ್ಪಿಗೆ ಹತ್ತಿರದ ನೀಲಿ, ಮಳೆಗಾಲದ ಕದಡಿದ ನೀರಿಗೆ ಕಂದು. ಕದಡಿದ ನೀರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಕಾಶದಂಥ ಬೆಳಕಿನ ಭಾಗಗಳ ಬಿಂಬ ಸ್ವಚ್ಛವಾಗಿ ಕಾಣುತ್ತದೆ, ಕಪ್ಪು ಮರಗಳ ಬಿಂಬದೊಳಗೆ ಮಾತ್ರ ಮಣ್ಣಿನ ಬಣ್ಣ ಇಣುಕುತ್ತದೆ. ಪ್ರತಿಬಿಂಬದಲ್ಲಿ ಅಚ್ಚಗಪ್ಪು ಇರುವುದಿಲ್ಲ. ಹಾಗಾಗಿ Curves ತೆರೆದು, ಬಿಳಿಯ ತುದಿಯನ್ನು ತಗ್ಗಿಸುವುದರ ಜೊತೆಗೆ ಕಪ್ಪಿನ ತುದಿಯನ್ನು ತುಸು ಎತ್ತಬೇಕು.

ಕೊನೆಯದು ಅಲೆ. ಪೂರ್ತಿ ನಿಶ್ಚಲವಾದ ನೀರು ಬಲು ಅಪರೂಪ, ಕನ್ನಡಿಯಷ್ಟು ಚೂಪಾದ ಬಿಂಬವನ್ನು ಕಣ್ಣು ಬೇಗ ನಂಬುವುದಿಲ್ಲ. ಸಣ್ಣ ಅಲೆಗಳು ಬಿಂಬವನ್ನು ಅಡ್ಡಕ್ಕೆ ಕದಡುವುದು ಕಡಿಮೆ, ಉದ್ದಕ್ಕೆ ಎಳೆಯುವುದು ಹೆಚ್ಚು. ಬೀದಿದೀಪದ ಬಿಂಬ ಕೆರೆಯಲ್ಲಿ ಉದ್ದನೆಯ ಕಂಬವಾಗುವುದು ಇದೇ ಕಾರಣಕ್ಕೆ. GIMPನಲ್ಲಿ Filters ಒಳಗಿನ Blur ಪಟ್ಟಿಯಲ್ಲಿ Linear Motion Blur ಇದೆ, ಅದರ ಕೋನವನ್ನು 90 ಮಾಡಿದರೆ ಮಸುಕು ಲಂಬವಾಗಿ ಮಾತ್ರ ಹರಡುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ Gaussian Blur ಹಾಕಿದರೆ ಅದು ನೀರಿನಂತೆ ಕಾಣುವುದಿಲ್ಲ, ಫೋಕಸ್ ತಪ್ಪಿದಂತೆ ಕಾಣುತ್ತದೆ. ಮಸುಕಿನ ಪ್ರಮಾಣವೂ ಎಲ್ಲೆಡೆ ಒಂದೇ ಆಗಬಾರದು. ಮರದ ಬುಡ ನೀರಿಗೆ ಅಂಟಿಕೊಂಡೇ ಇರುವುದರಿಂದ ಅಲೆ ಬೆಳಕನ್ನು ಸ್ವಲ್ಪ ಬಾಗಿಸಿದರೂ ಅಲ್ಲಿ ಬಿಂಬ ಹೆಚ್ಚು ಕದಲದು. ಬೆಟ್ಟದಿಂದ ಬರುವ ಬೆಳಕು ಬಲು ದೂರದ್ದು, ಅಷ್ಟೇ ಬಾಗು ಅದರ ಬಿಂಬವನ್ನು ಬಹಳ ಎಳೆಯುತ್ತದೆ. ಮರಗಳ ಪದರಕ್ಕೆ ಐದಾರು ಪಿಕ್ಸೆಲ್ ಮಸುಕು ಹಾಕಿದರೆ ಬೆಟ್ಟದ ಪದರಕ್ಕೆ ಇಪ್ಪತ್ತು, ಮೂವತ್ತು ಬೇಕಾಗಬಹುದು. ಎರಡು ಪದರ ಬೇರೆಬೇರೆ ಇಟ್ಟುಕೊಂಡದ್ದರ ಲಾಭ ಇಲ್ಲಿಯೂ ಸಿಗುತ್ತದೆ.

ಅಂಚುಗಳು ಸಣ್ಣಗೆ ನಡುಗಿದಂತೆ ಕಾಣಲು Filters ಪಟ್ಟಿಯ Map ಒಳಗಿರುವ Displace ಉಪಯೋಗವಾಗುತ್ತದೆ. ಅದಕ್ಕೆ ಅಲೆಯ ನಕ್ಷೆಯಾಗಿ ಒಂದು ಬೂದು ಚಿತ್ರ ಬೇಕು. Render ಪಟ್ಟಿಯ Solid Noise ಇಂದ ಮೋಡದಂಥ ಚಿತ್ರವೊಂದನ್ನು ಮಾಡಿ, ಅದನ್ನು ಅಡ್ಡಕ್ಕೆ ಚೆನ್ನಾಗಿ ಹಿಗ್ಗಿಸಿ, ಆಮೇಲೆ Perspective ಉಪಕರಣದಿಂದ ದಡದ ಕಡೆಗೆ ಕಿರಿದಾಗಿಸಿದರೆ ಆಯಿತು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ದೂರದ ಅಲೆಯೂ ಹತ್ತಿರದ ಅಲೆಯೂ ಒಂದೇ ಗಾತ್ರಕ್ಕೆ ಬಂದು, ನೀರು ಮಲಗಿರುವ ಬದಲು ಗೋಡೆಯಂತೆ ಎದ್ದು ನಿಲ್ಲುತ್ತದೆ.

ನೀರಿನ ನಡುವೆ ಇರುವ ಬಂಡೆ, ಜೊಂಡು, ಒಣ ಮರದ ಬೊಡ್ಡೆಗಳನ್ನು ಮಾಸ್ಕ್‌ನಲ್ಲಿ ಕಪ್ಪು ಬಳಿದು ಬಿಂಬದ ಮೇಲಕ್ಕೆ ತರಬೇಕು. ಅವುಗಳಿಗೂ ಸ್ವಂತ ಬಿಂಬ ಬೇಕು, ಪ್ರತಿಯೊಂದನ್ನೂ ಅದರ ಬುಡದಲ್ಲಿಯೇ ಮಡಿಸಬೇಕು. ಬೊಡ್ಡೆ, ಜೊಂಡಿಗೆ ಇದು ಸಲೀಸು. ಹತ್ತಿರದ ದೋಣಿ, ಸೇತುವೆ ಅಥವಾ ನೀರಿನ ಮೇಲೆ ಚಾಚಿದ ಕೊಂಬೆಗೆ ಮಾತ್ರ ಯಾವ ಮಡಿಕೆಯೂ ಸಾಲದು. ನೀರಿನಡಿಯ ಕಣ್ಣಿಗೆ ಸೇತುವೆಯ ಅಡಿಭಾಗ, ಎಲೆಗಳ ತಳಭಾಗ ಕಾಣುತ್ತದೆ, ಅವು ಫೋಟೊದಲ್ಲಿ ಇಲ್ಲವೇ ಇಲ್ಲ. ಅಂಥದ್ದು ಮುಂಭಾಗದಲ್ಲಿ ದೊಡ್ಡದಾಗಿ ಇದ್ದರೆ, ಗಾಳಿ ನಿಂತ ಬೆಳಗಿನ ಹೊತ್ತಿಗೆ ಮತ್ತೆ ಕೆರೆಗೆ ಹೋಗಿ ಫೋಟೊ ತೆಗೆಯುವುದೊಂದೇ ದಾರಿ.